ಏಳು ಗಂಟೆ ನಲವತ್ತು ನಿಮಿಷದ ಬಸ್ಸು: ನಮ್ಮ ಪುರಸಭೆಗೆ ಒಂದು ಬಹಿರಂಗ ಪತ್ರ

ಮಾನ್ಯ ಪುರಸಭೆ ಅಧ್ಯಕ್ಷರಿಗೆ, ಎಲ್ಲ ವಾರ್ಡುಗಳ ಸದಸ್ಯರಿಗೆ ಮತ್ತು ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ.

ಹೋದ ತಿಂಗಳು ಬಜೆಟ್ ಪೂರ್ವಭಾವಿ ಸಭೆಗೆ ಊರಿನವರನ್ನೂ ಕರೆದಿದ್ದಿರಿ. ನನಗೂ ಮೂರು ನಿಮಿಷ ಮಾತಾಡಲು ಕೊಟ್ಟಿರಿ. ಅದಕ್ಕೆ ಮೊದಲು ಧನ್ಯವಾದ. ಆಮೇಲೆ ನಡಾವಳಿಯ ಪ್ರತಿ ಕೈಗೆ ಬಂತು. ನನ್ನ ಮಾತನ್ನು ಅದರಲ್ಲಿ ಹೀಗೆ ಬರೆದಿದ್ದಾರೆ: "ಬೆಳಿಗ್ಗೆ 6 ಅಥವಾ 7 ಗಂಟೆಗೆ 47 ಜನರಿಗೆ ಬಾಗಲಕೋಟೆಗೆ ಬಸ್ ಸೌಲಭ್ಯ ಕೋರಿದರು."

ಓದಿ ನಗು ಬಂತು. ನಾನು ಹೇಳಿದ್ದು ಏಳು ಗಂಟೆ ನಲವತ್ತು ನಿಮಿಷದ ಬಸ್ಸು, ಜನ ಅರವತ್ತೇಳು. ಗಡಿಬಿಡಿಯಲ್ಲಿ "ಏಳು ನಲವತ್ತಕ್ಕೆ ಅರವತ್ತೇಳು ಮಂದಿ" ಅಂದುಬಿಟ್ಟೆ. ಏಳು ನಲವತ್ತು ಹೋಗಿ ನಲವತ್ತೇಳಾಯಿತು. ಅರವತ್ತೇಳು ಹೋಗಿ ಆರು ಅಥವಾ ಏಳಾಯಿತು. ಬರೆದುಕೊಂಡವರ ತಪ್ಪೇನೂ ಇಲ್ಲ. ಆ ಸಭಾಂಗಣದಲ್ಲಿ ಮೈಕು ಗುಂಯ್ ಅನ್ನುತ್ತದೆ, ಮೇಲಿನ ತಗಡು ಅದನ್ನೇ ಇನ್ನೊಮ್ಮೆ ಹೇಳುತ್ತದೆ.

ತಪ್ಪು ನನ್ನದೇ. ಅದೂ ನನ್ನಂಥವನದು. ನಾನು ಒಂಬತ್ತು ವರ್ಷ ಕಂಡಕ್ಟರ್ ಆಗಿದ್ದೆ. ಆಮೇಲೆ ಇಪ್ಪತ್ತು ವರ್ಷ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಅಂದರೆ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ಕೂಗುವವನು. ಆ ಕೆಲಸಕ್ಕೆ ಹೊಸಬರು ಬಂದರೆ ಮೊದಲ ದಿನವೇ ಒಂದು ಮಾತು ಹೇಳಿಕೊಡುತ್ತಿದ್ದೆ. ಮೊದಲು ಊರು ಹೇಳು, ಜನ ಕಿವಿ ನಿಮಿರಿಸುತ್ತಾರೆ. ಆಮೇಲೆ ಹೊತ್ತು ಹೇಳು. "ಗಂಟೆ" "ನಿಮಿಷ" ಎರಡನ್ನೂ ಬಿಡಬೇಡ. ಎಪ್ಪತ್ತು, ಎಂಬತ್ತು, ತೊಂಬತ್ತು ಮೂರೂ ಮೈಕಿನಲ್ಲಿ ಒಂದೇ ತರ ಕೇಳುತ್ತವೆ. ಹಾಗಾಗಿ ಬಸ್ಸಿನ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳು. ಎಲ್ಲವನ್ನೂ ಎರಡು ಸಲ ಹೇಳು. ಇಷ್ಟೆಲ್ಲ ಕಲಿಸಿದ ಮನುಷ್ಯ ತನ್ನ ಊರಿನ ಸಭೆಯಲ್ಲೇ ಮರೆತ.

ಅದಕ್ಕೇ ಈ ಪತ್ರ. ಇದರಲ್ಲಿ ಅಂಕಿ ಕಡಿಮೆ ಇವೆ. ಇರುವಷ್ಟನ್ನು ನಿಧಾನವಾಗಿ ಹೇಳುತ್ತೇನೆ.

ಈಗ ನಮ್ಮೂರಿನಿಂದ ಬಾಗಲಕೋಟೆಯ ನವನಗರದ ಕಡೆಗೆ ಮುಂಜಾನೆ ಎರಡು ಬಸ್ಸು ಇವೆ. ಮೊದಲನೆಯದು 6 ಗಂಟೆ 50 ನಿಮಿಷಕ್ಕೆ. ಎರಡನೆಯದು 8 ಗಂಟೆ 40 ನಿಮಿಷಕ್ಕೆ. ನಡುವೆ 1 ಗಂಟೆ 50 ನಿಮಿಷ ಏನೂ ಇಲ್ಲ. ಗದ್ದನಕೇರಿ ಕ್ರಾಸ್ ದಾಟಿ ನವನಗರ ಬಸ್ ನಿಲ್ದಾಣಕ್ಕೆ 28 ಕಿಲೋಮೀಟರು, 50 ನಿಮಿಷದ ದಾರಿ. ಅಲ್ಲಿಂದ ಕಾಲೇಜುಗಳಿರುವ ವಿದ್ಯಾಗಿರಿಗೆ ಇನ್ನೊಂದು 15 ನಿಮಿಷ ಹಿಡಿಯಿರಿ. ಮುಂಜಾನೆ ಸಿಗ್ನಲ್ಲು, ಸಾಲಿ ಮಕ್ಕಳ ಆಟೊ ಎಲ್ಲ ಸೇರಿ ಅಷ್ಟಾಗುತ್ತದೆ.

ಕಾಲೇಜಿನ ಮೊದಲ ತಾಸು 9 ಗಂಟೆಗೆ. 6 ಗಂಟೆ 50ರ ಬಸ್ಸು ಹತ್ತಿದ ಹುಡುಗಿ 8 ಗಂಟೆಗೆಲ್ಲ ವಿದ್ಯಾಗಿರಿಯಲ್ಲಿ ಇಳಿದು, ಗೇಟು ತೆಗೆಯುವ ತನಕ ಹೊರಗೆ ನಿಂತಿರುತ್ತಾಳೆ. 8 ಗಂಟೆ 40ರ ಬಸ್ಸು ಹತ್ತಿದವಳು ಮುಟ್ಟುವುದು 9 ಗಂಟೆ 45 ನಿಮಿಷಕ್ಕೆ. ಮೊದಲ ತಾಸು ಹೋಯಿತು. ನಮ್ಮ ಓಣಿಯ ಒಬ್ಬ ಹುಡುಗಿಗೆ ಮೊದಲ ತಾಸು ಅಕೌಂಟ್ಸ್. ಪಿಯುಸಿಯಲ್ಲಿ 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಲ್ವಾ? ಅವಳಿಗೆ ಉಳಿದೆಲ್ಲ ವಿಷಯದಲ್ಲಿ ಹಾಜರಿ ಸರಿ ಇದೆ, ಅಕೌಂಟ್ಸ್ ಒಂದರಲ್ಲೇ ಇಲ್ಲ. ಅವರಪ್ಪ ಕಾಲೇಜಿಗೆ ಹೋಗಿ "ಬಸ್ಸಿಲ್ರಿ ಸರ್" ಅಂತ ಕೈಮುಗಿದು ಬಂದರು.

ಈ ನಡುವಿನ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ? ಟಂಟಂ ಹತ್ತುತ್ತಾರೆ. ಹಿಂದೆ ಎಂಟು ಮಂದಿ, ಡ್ರೈವರಿನ ಅಕ್ಕಪಕ್ಕ ಇಬ್ಬರು, ಹಿಂದಿನ ಕಬ್ಬಿಣ ಹಿಡಿದು ನೇತಾಡುವವರು ಇನ್ನಿಬ್ಬರು. ಒಬ್ಬರಿಗೆ 40 ರೂಪಾಯಿ. ತಿಂಗಳಿಗೆ 22 ದಿನ ಅಂದರೆ 880 ರೂಪಾಯಿ, ಅದೂ ಹೋಗುವುದಕ್ಕೆ ಮಾತ್ರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಬಸ್ಸೇ ಇಲ್ಲದ ಹೊತ್ತಿಗೆ ಪುಕ್ಕಟೆ ಇದ್ದು ಏನು ಬಂತು? ಗಂಡುಹುಡುಗರ ಪಾಸೂ ಹಾಗೆಯೇ, ಕಿಸೆಯಲ್ಲಿ ಬೆಚ್ಚಗೆ ಇರುತ್ತದೆ.

ಈಗ ಎಣಿಕೆಯ ಮಾತು. "ಬಹಳ ಜನ ಇದಾರ್ರಿ" ಅಂತ ಡಿಪೊಗೆ ಹೋದರೆ ಕೆಲಸ ಆಗುವುದಿಲ್ಲ. ಆ ಮಾತನ್ನು ನಾನೇ ನೂರಾರು ಸಲ ಕೇಳಿ, ತಲೆಯಾಡಿಸಿ ಕಳಿಸಿದ್ದೇನೆ. ಆದ್ದರಿಂದ ಸೋಮವಾರದಿಂದ ಶುಕ್ರವಾರದ ತನಕ ಐದು ದಿನ, ಮುಂಜಾನೆ 7 ಗಂಟೆಯಿಂದ 8 ಗಂಟೆ 40ರ ತನಕ, ಬಸ್ ನಿಲ್ದಾಣದ ಚಹಾದ ಅಂಗಡಿ ಮುಂದೆ ಕೂತು ಎಣಿಸಿದೆ. ನವನಗರದ ಕಡೆ ಹೋಗುವವರನ್ನು ಮಾತ್ರ. ಸಾಲಿ ಪುಸ್ತಕದಲ್ಲಿ ಮೂರು ಕಂಬ ಗೀಚಿಕೊಂಡಿದ್ದೆ: ಓದುವವರು, ದುಡಿಯಲು ಹೋಗುವವರು, ಉಳಿದವರು. ಅನುಮಾನ ಬಂದರೆ ಎದ್ದು ಹೋಗಿ ಕೇಳುತ್ತಿದ್ದೆ. ಒಬ್ಬ ಹುಡುಗ ನನ್ನನ್ನು ಚುನಾವಣೆಯವರು ಅಂದುಕೊಂಡು ಓಟಿನ ಚೀಟಿ ಕೇಳಿದ.

ಸೋಮವಾರ 71. ಮಂಗಳವಾರ 96. ಬುಧವಾರ 64. ಗುರುವಾರ 68. ಶುಕ್ರವಾರ 66.

ಮಂಗಳವಾರದ 96ನ್ನು ನಾನು ಹೊಡೆದುಹಾಕಿದೆ. ಅಂದು ನಮ್ಮೂರ ಸಂತೆ. ಸಂತೆಯ ದಿನದ ಲೆಕ್ಕ ತೋರಿಸಿ ಬಸ್ಸು ಕೇಳಿದರೆ, ಡಿಪೊದವರು ಗುರುವಾರ ಒಬ್ಬನನ್ನು ಕಳಿಸಿ ನೋಡುತ್ತಾರೆ. ಆಗ ನಮ್ಮ ಮಾತೆಲ್ಲ ಸುಳ್ಳಾಗುತ್ತದೆ. ಉಳಿದ ನಾಲ್ಕು ದಿನ ಕೂಡಿಸಿದರೆ 269. ದಿನಕ್ಕೆ 67. ಅವರಲ್ಲಿ ಓದುವವರು 41, ದುಡಿಯುವವರು 19, ಉಳಿದವರು 7. ದುಡಿಯುವವರು ಅಂದರೆ ಬಟ್ಟೆ ಅಂಗಡಿಯ ಹುಡುಗಿಯರು, ಗೌಂಡಿಗಳು, ಅವರ ಕೈಯಾಳುಗಳು, ಮನೆಗೆಲಸದ ಇಬ್ಬರು ಹೆಂಗಸರು. ಆಸ್ಪತ್ರೆಯಲ್ಲಿ 8 ಗಂಟೆಯ ಡ್ಯೂಟಿ ಇರುವವರು ಇದರಲ್ಲಿಲ್ಲ. ಅವರಿಗೆ 6 ಗಂಟೆ 50ರ ಬಸ್ಸೇ ಸರಿ. ಅದನ್ನು ಯಾರೂ ಮುಟ್ಟಬಾರದು.

ಈ 67ರಲ್ಲೂ ನಾನು ಕಾಲುಭಾಗ ಕಡಿಮೆ ಮಾಡುತ್ತೇನೆ. ಬಸ್ಸು ಬಂದರೂ ಗೆಳೆಯನ ಬೈಕಿನಲ್ಲಿ ಹೋಗುವವರು ಇರುತ್ತಾರೆ, ತಡವಾಗಿ ಎದ್ದು 8 ಗಂಟೆ 40ಕ್ಕೇ ಬರುವವರೂ ಇರುತ್ತಾರೆ. ಉಳಿದದ್ದು 50. ಒಂದು ಬಸ್ಸಿನ ಸೀಟೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ನಮಗೆ ಬೇಕಾದದ್ದು ಒಂದು ಬಸ್ಸು, ಒಂದು ಟ್ರಿಪ್ಪು. ಎರಡು ಬೇಡ.

ಒಂದು ಬಸ್ಸು ಕೇಳುವುದು ಸಣ್ಣದಾಗಿ ಕಾಣುತ್ತದೆ. ಆದರೆ ಡಿಪೊದಲ್ಲಿ ಕೂತವರಿಗೆ ಅದು ಹಾಗೆ ಕಾಣುವುದಿಲ್ಲ. ಗಾಡಿ ಇರುವುದು ನವನಗರದ ಕಡೆ. ಮುಂಜಾನೆ 7 ಗಂಟೆ 40ಕ್ಕೆ ನಮ್ಮೂರಿನಿಂದ ಬಿಡಬೇಕಾದರೆ ಅದು 6 ಗಂಟೆ 40ರ ಸುಮಾರಿಗೆ ಅಲ್ಲಿಂದ ಹೊರಡಬೇಕು. ಆ ಹೊತ್ತಿಗೆ ನಮ್ಮೂರ ಕಡೆ ಬರುವವರು ಯಾರು? ಹಾಲಿನ ಕ್ಯಾನಿನವನು, ಮತ್ತೊಬ್ಬರೋ ಇಬ್ಬರೋ. 28 ಕಿಲೋಮೀಟರು ಖಾಲಿ. ಇದನ್ನು ನಮ್ಮ ಕಡೆ ಡೆಡ್ ಕಿಲೋಮೀಟರ್ ಅನ್ನುತ್ತಾರೆ. ಎಷ್ಟೋ ಊರಿನ ಅರ್ಜಿ ಸತ್ತದ್ದು ಇದರಲ್ಲೇ. ಜನ ಇಲ್ಲ ಅಂತಲ್ಲ, ಜನರ ತನಕ ಗಾಡಿ ಖಾಲಿ ಬರಬೇಕು ಅಂತ.

ಇದಕ್ಕೆ ಮದ್ದು ಹಳೆಯದು. ನಿಮಗೆಲ್ಲ ಗೊತ್ತಿರುವುದೇ. ವಸ್ತಿ ಬಸ್ಸು.

ಈಗ ರಾತ್ರಿಯ ಕೊನೆ ಬಸ್ಸು ನವನಗರ ಬಿಡುವುದು 8 ಗಂಟೆ 30ಕ್ಕೆ. ನಮ್ಮೂರಿಗೆ 9 ಗಂಟೆ 20ಕ್ಕೆ ಬಂದು, ಹತ್ತು ನಿಮಿಷ ನಿಂತು, ವಾಪಸ್ ಹೋಗುತ್ತದೆ. ಹೋಗುವಾಗ ಒಳಗೆ ಯಾರಿರುತ್ತಾರೆ ಅಂತ ಮೂರು ರಾತ್ರಿ ನೋಡಿದೆ. ಒಂದು ರಾತ್ರಿ ಇಬ್ಬರು, ಒಂದು ರಾತ್ರಿ ನಾಲ್ವರು. ಇನ್ನೊಂದು ರಾತ್ರಿ ಡ್ರೈವರು, ಕಂಡಕ್ಟರು ಮಾತ್ರ. ಅದೇ ಬಸ್ಸು ನಮ್ಮೂರಲ್ಲೇ ವಸ್ತಿ ನಿಂತರೆ ರಾತ್ರಿಯ 28 ಕಿಲೋಮೀಟರು ಉಳಿಯಿತು. ಮುಂಜಾನೆ ಇಲ್ಲಿಂದಲೇ ಬಿಟ್ಟರೆ, ಹೊಸ ಬಸ್ಸಿಗೆ ತಗಲುತ್ತಿದ್ದ ಇನ್ನೊಂದು 28 ತಗಲುವುದೇ ಇಲ್ಲ. ಎರಡೂ ಸೇರಿ 56. ಲೀಟರಿಗೆ 5 ಕಿಲೋಮೀಟರು ಅಂತ ಹಿಡಿದರೂ ದಿನಕ್ಕೆ 11 ಲೀಟರ್ ಡೀಸೆಲ್ಲು. ಡಿಪೊ ಮ್ಯಾನೇಜರರ ಮುಂದೆ ಈ ಮಾತಿನಿಂದಲೇ ಶುರು ಮಾಡಬೇಕು. ನಮ್ಮ ಕಷ್ಟ ಆಮೇಲೆ.

ಹೊಸ ಗಾಡಿ ಬೇಡ, ಹೊಸ ಡ್ರೈವರೂ ಬೇಡ. ವಸ್ತಿ ಗಾಡಿಯ ಇಬ್ಬರೂ ಮಧ್ಯಾಹ್ನ ಡ್ಯೂಟಿ ಹತ್ತಿ, ರಾತ್ರಿ ಇಲ್ಲಿ ಮಲಗಿ, ಮರುದಿನ ಮಧ್ಯಾಹ್ನ ಇಳಿಯುತ್ತಾರೆ. ಇದರಲ್ಲಿ ಒಂದು ನಿಯಮ ನೆನಪಿಡಬೇಕು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲಿ ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ 9 ತಾಸು ವಿಶ್ರಾಂತಿ ಸಿಗಬೇಕು ಅಂತ ಇತ್ತು, ನಾನು ಆ ಲೆಕ್ಕವನ್ನೇ ಹಿಡಿದಿದ್ದೇನೆ. ರಾತ್ರಿ 9 ಗಂಟೆ 30ಕ್ಕೆ ಕೆಲಸ ಮುಗಿದರೆ ಮುಂಜಾನೆ 6 ಗಂಟೆ 30ರ ಮೊದಲು ಏಳಿಸುವ ಹಾಗಿಲ್ಲ. ನಮ್ಮದು 7 ಗಂಟೆ 40. ಹತ್ತು ತಾಸಿಗಿಂತ ಜಾಸ್ತಿಯೇ ಸಿಗುತ್ತದೆ. "ಇನ್ನೂ ಬೇಗ ಬಿಡಿಸಿ, 6 ಗಂಟೆಗೆ ಬಿಡಿಸಿ" ಅಂತ ಸಭೆಯಲ್ಲಿ ಒಬ್ಬ ಸದಸ್ಯರು ಅಂದರು. ಅವರ ಕಾಳಜಿ ಸರಿ, ಆದರೆ ಆ ಹೊತ್ತು ಈ ಲೆಕ್ಕಕ್ಕೆ ಕೂರುವುದಿಲ್ಲ.

ಹಾಗಾದರೆ ಇದರಲ್ಲಿ ಪುರಸಭೆಯ ಕೆಲಸ ಏನು? ಬಸ್ಸು ಬಿಡುವುದು ಪುರಸಭೆ ಅಲ್ಲ, ಸಾರಿಗೆ ಸಂಸ್ಥೆ. ಇದನ್ನೇ ನೀವೂ ಅಂದು ಹೇಳಿದಿರಿ. ನಿಜ. ಆದರೆ ವಸ್ತಿ ಬಸ್ಸು ನಿಲ್ಲುವುದು ಡಿಪೊದ ಆರ್ಡರಿನಿಂದ ಮಾತ್ರ ಅಲ್ಲ, ಊರು ಕೊಡುವ ಕೋಣೆಯಿಂದ.

ನಾನು ಕಂಡಕ್ಟರ್ ಆಗಿದ್ದಾಗ ಒಂದು ಹಳ್ಳಿಗೆ ವಸ್ತಿ ಹೋಗುತ್ತಿದ್ದೆ. ಊರಿನ ಹೆಸರು ಬೇಡ. ಜನ ಬಂಗಾರದಂಥವರು, ರೊಟ್ಟಿ, ಹಿಂಡಿ ಪಲ್ಲೆ ಕೊಡದೆ ಮಲಗಿಸುತ್ತಿರಲಿಲ್ಲ. ಆದರೆ ಮಲಗಲು ಜಾಗ ಇರಲಿಲ್ಲ. ಬೇಸಿಗೆಯಲ್ಲಿ ಗಾಡಿಯ ಟಾಪ್ ಮೇಲೆ, ಮಳೆಗಾಲದಲ್ಲಿ ಒಳಗೆ ಇಬ್ಬರು ಕೂರುವ ಸೀಟಿನಲ್ಲಿ ಮುದುಡಿಕೊಂಡು. ಸೊಳ್ಳೆ ಎಷ್ಟು ಅಂದರೆ, ಡ್ರೈವರ್ ಅಣ್ಣ ಟವೆಲ್ ತಲೆಗೆ ಸುತ್ತಿಕೊಂಡು ಸ್ಟೀರಿಂಗಿಗೆ ಹಣೆ ಹಚ್ಚಿ ಕೂತೇ ನಿದ್ದೆ ಮಾಡುತ್ತಿದ್ದರು. ಮುಂಜಾನೆ ಬಯಲಿಗೆ ಹೋಗಬೇಕು, ಚೊಂಬು ಹಿಡಿದು. ಎರಡು ವರ್ಷದಲ್ಲಿ ಆ ಮಾರ್ಗಕ್ಕೆ ಡ್ಯೂಟಿ ಹಾಕಿದರೆ ಜನ ರಜೆ ಚೀಟಿ ಬರೆಯತೊಡಗಿದರು. ಒಂದು ವಾರ ಗಾಡಿ ಹೋಗಲಿಲ್ಲ, ಇನ್ನೊಂದು ವಾರ ಹೋಗಲಿಲ್ಲ, ಆಮೇಲೆ ವಸ್ತಿಯೇ ನಿಂತುಹೋಯಿತು. ಊರವರು ಇವತ್ತಿಗೂ "ಗಳಿಕೆ ಇಲ್ಲ ಅಂತ ನಿಲ್ಲಿಸಿದರು" ಅಂತಲೇ ತಿಳಿದಿದ್ದಾರೆ. ಗಳಿಕೆ ಚೆನ್ನಾಗೇ ಇತ್ತು. ಪಾಯಖಾನೆ ಇರಲಿಲ್ಲ, ಅಷ್ಟೇ.

ನಮ್ಮೂರ ಬಸ್ ನಿಲ್ದಾಣದ ಹಿಂದೆ, ಸಮುದಾಯ ಭವನದ ಮಗ್ಗುಲಿಗೆ, ಪುರಸಭೆಯದೇ ಒಂದು ಕೋಣೆ ಇದೆ. ಎಷ್ಟೋ ವರ್ಷದಿಂದ ಕೀಲಿ ಹಾಕಿದೆ. ಕಿಟಕಿಯಿಂದ ಇಣುಕಿ ನೋಡಿದೆ. ಎರಡು ಮುರಿದ ಬೆಂಚು, ಸುತ್ತಿಟ್ಟ ಬ್ಯಾನರು, ಒಂದು ಹರಿದ ಜಮಖಾನೆ. ಗೋಡೆ ಗಟ್ಟಿ ಇದೆ. ಅದಕ್ಕೆ ಎರಡು ಮಂಚ, ಒಂದು ಫ್ಯಾನು, ಒಂದು ಲೈಟು, ಕಿಟಕಿಗೆ ಸೊಳ್ಳೆ ಜಾಳಿಗೆ, ಒಂದು ನಳ. ಪಕ್ಕದ ಶೌಚಾಲಯಕ್ಕೆ ಒಳಗಿನಿಂದ ಚಿಲಕ. ಚಿಲಕ ಅಂತ ಬಿಡಿಸಿ ಬರೆದೆ, ಯಾಕೆಂದರೆ ಈಗ ಅದಕ್ಕೆ ಚಿಲಕ ಇಲ್ಲ, ಬಾಗಿಲನ್ನು ಒಳಗಿನಿಂದ ಕಾಲಲ್ಲಿ ಒತ್ತಿ ಹಿಡಿಯಬೇಕು. ಇಷ್ಟಕ್ಕೆ ಬಜೆಟ್ಟಿನಲ್ಲಿ ಬೇರೆ ತಲೆಬರಹವೇ ಬೇಕಾಗದು, ದುರಸ್ತಿ ಲೆಕ್ಕದಲ್ಲೇ ಮುಗಿಯುತ್ತದೆ. ಈಗ ಮಹಿಳಾ ಕಂಡಕ್ಟರುಗಳೂ ಇದ್ದಾರೆ. ಒಂದೇ ಕೋಣೆ ಇರುವ ಊರಿಗೆ ಅವರನ್ನು ವಸ್ತಿಗೆ ಹಾಕಲು ಬರುವುದಿಲ್ಲ ಅಂತ ಡಿಪೊಗೆ ಮೊದಲೇ ತಿಳಿಸಿಬಿಟ್ಟರೆ ಒಳ್ಳೆಯದು.

ಇನ್ನೊಂದು, ಗಾಡಿ ತಿರುಗುವ ಜಾಗ. ಈಗ ನಿಲ್ದಾಣದ ಬಾಯಿಯಲ್ಲಿ ತರಕಾರಿ ಗಾಡಿಗಳು, ಎರಡು ಡಬ್ಬಿ ಅಂಗಡಿ. ರಾತ್ರಿ ಕೊನೆ ಬಸ್ಸು ತಿರುಗುವುದನ್ನು ಒಮ್ಮೆ ನಿಂತು ನೋಡಿ. ಕಂಡಕ್ಟರು ಸೀಟಿ ಊದುತ್ತಾ ಹಿಂದೆ ಓಡುತ್ತಾರೆ, ಗಾಡಿ ನಾಲ್ಕು ಸಲ ಹಿಂದೆ ಮುಂದೆ ಆಗುತ್ತದೆ. ಮುಂಜಾನೆ ಇದಕ್ಕೇ ಐದು ನಿಮಿಷ ಹೋದರೆ 7 ಗಂಟೆ 40 ಅನ್ನುವುದು 7 ಗಂಟೆ 45 ಆಗುತ್ತದೆ. ನಾನು ಯಾರ ಅಂಗಡಿಯನ್ನೂ ಕೀಳಿಸಿ ಅನ್ನುತ್ತಿಲ್ಲ. ರಾತ್ರಿ 9ರಿಂದ ಮುಂಜಾನೆ 8ರ ತನಕ ಆ ಎರಡು ಡಬ್ಬಿಗಳು ಹತ್ತು ಹೆಜ್ಜೆ ಈಚೆ ಸರಿದರೆ ಸಾಕು. ಒಂದಕ್ಕೆ ಗಾಲಿ ಇವೆ. ಇನ್ನೊಂದಕ್ಕೆ ಹಾಕಿಸಬೇಕು.

ಈಗ ಠರಾವಿನ ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಇಂಥ ಠರಾವುಗಳು ಬಂದು ಸೇರುವ ಕಡತವನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಸಾರ್ವಜನಿಕರ ಅನುಕೂಲಕ್ಕಾಗಿ ಬಾಗಲಕೋಟೆಗೆ ಹೆಚ್ಚುವರಿ ಬಸ್ ಸೌಲಭ್ಯ ಒದಗಿಸಲು ಕೋರಲಾಗಿದೆ" ಅಂತ ಬರೆದರೆ, "ಪರಿಶೀಲಿಸಲಾಗುವುದು" ಅಂತ ಉತ್ತರ ಬರುತ್ತದೆ. ಅದರಲ್ಲಿ ಪರಿಶೀಲಿಸಲು ಏನೂ ಇರುವುದಿಲ್ಲ. ಮೊದಲನೆಯದಾಗಿ ಬಾಗಲಕೋಟೆ ಅಂದರೆ ಯಾವ ಬಾಗಲಕೋಟೆ? ಆಲಮಟ್ಟಿಯ ಹಿನ್ನೀರು ಬಂದು ಊರು ಎದ್ದು ಹೋದ ಮೇಲೆ ಅದು ಮೂರು ಊರಾಗಿದೆ. ಹಳೆ ಊರು, ವಿದ್ಯಾಗಿರಿ, ನವನಗರ. ರೈಲು ನಿಲ್ದಾಣ ಹಳೆ ಊರಲ್ಲಿ, ಕಾಲೇಜುಗಳು ವಿದ್ಯಾಗಿರಿಯಲ್ಲಿ, ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಆಸ್ಪತ್ರೆ ನವನಗರದಲ್ಲಿ. ನಮ್ಮ ಬಸ್ಸಿಗೆ "ಬಾಗಲಕೋಟೆ" ಅಂತ ಬೋರ್ಡು ಹಾಕಿ ನವನಗರ ನಿಲ್ದಾಣದಲ್ಲಿ ಖಾಲಿ ಮಾಡಿದರೆ, 41 ಹುಡುಗ ಹುಡುಗಿಯರು ಇಳಿದು ಇನ್ನೊಂದು ಬಸ್ಸಿಗೆ ಓಡಬೇಕು. ಉಳಿಸಿದ ಹೊತ್ತೆಲ್ಲ ಅಲ್ಲೇ ಹೋಗುತ್ತದೆ. ಹಾಗಾಗಿ "ನವನಗರ ಮಾರ್ಗವಾಗಿ ವಿದ್ಯಾಗಿರಿ ತನಕ" ಅಂತ ಬರೆಯಲೇಬೇಕು.

ಠರಾವು ವಿಭಾಗೀಯ ನಿಯಂತ್ರಣಾಧಿಕಾರಿಗಳ ಹೆಸರಿಗೆ ಹೋಗಲಿ, ಡಿಪೊ ವ್ಯವಸ್ಥಾಪಕರಿಗೆ ಒಂದು ಪ್ರತಿ. ಜೊತೆಗೆ ನನ್ನ ಎಣಿಕೆಯ ಹಾಳೆ ಇಡಿ. ನನ್ನದರ ಮೇಲೆ ನಂಬಿಕೆ ಇಲ್ಲದಿದ್ದರೆ ಪುರಸಭೆಯ ಒಬ್ಬರನ್ನು ಎರಡು ದಿನ ಕೂರಿಸಿ ಎಣಿಸಿ, ಸಂತೆಯ ದಿನ ಬಿಟ್ಟು. ಕೋಣೆ ಸಿದ್ಧ ಇದೆ ಅಂತ ಫೋಟೊ ಹಚ್ಚಿ. ಮೂರು ತಿಂಗಳು ಪ್ರಯೋಗಕ್ಕೆ ಬಿಡಿ ಅಂತ ಕೇಳಿ. ಶಾಶ್ವತ ಅಂತ ಕೇಳಿದರೆ ಯಾವ ಅಧಿಕಾರಿಯೂ ಸಹಿ ಹಾಕಲು ಹೆದರುತ್ತಾರೆ. ಪ್ರಯೋಗ ಅಂದರೆ ಹಾಕುತ್ತಾರೆ.

ಪ್ರಯೋಗ ಜೂನ್ ತಿಂಗಳಲ್ಲಿ, ಕಾಲೇಜು ಶುರುವಾಗುವ ಹೊತ್ತಿಗೇ ಆಗಬೇಕು. ಏಪ್ರಿಲ್‌ನಲ್ಲಿ ಶುರು ಮಾಡಿದರೆ 41 ಜನ ರಜೆಯಲ್ಲಿರುತ್ತಾರೆ, ಬಸ್ಸು 19 ಜನರನ್ನು ಹೊತ್ತು ಓಡುತ್ತದೆ, ಮೇ ತಿಂಗಳಿಗೆ ನಿಲ್ಲುತ್ತದೆ. ಇದು ಈ ಮಾರ್ಗದ ದುರ್ಬಲ ಜಾಗ, ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲಿ, ದಸರಾ ರಜೆಯಲ್ಲಿ ಗಳಿಕೆ ಬೀಳುತ್ತದೆ. ಠರಾವಿನಲ್ಲೇ ಇದನ್ನು ಒಪ್ಪಿಕೊಂಡು ಬರೆದರೆ, ಆಮೇಲೆ ಅದೇ ಕಾರಣಕ್ಕೆ ಬಸ್ಸು ತೆಗೆಯುವುದು ಅವರಿಗೂ ಕಷ್ಟ.

ಇದನ್ನು ಓದುವ ಹುಡುಗರಿಗೂ ಒಂದು ಮಾತು. ಡಿಪೊದಲ್ಲಿ ಕಾಣುವುದು ನಿಮ್ಮ ಮುಖ ಅಲ್ಲ, ಕಂಡಕ್ಟರಿನ ಮಷಿನ್ನಿನ ಲೆಕ್ಕ. ಪಾಸಿನವರಿಗೆ ಟಿಕೆಟ್ ಹರಿಯುವುದಿಲ್ಲ. ಹಾಗಾಗಿ ಪಾಸಿನ ಹುಡುಗರೇ ತುಂಬಿದ ಬಸ್ಸು ಲೆಕ್ಕದಲ್ಲಿ ಬಡವಾಗಿ ಕಾಣಬಹುದು. ಹುಡುಗಿಯರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ, ಅದರ ದುಡ್ಡನ್ನು ಸರ್ಕಾರ ಸಂಸ್ಥೆಗೆ ಕೊಡಬೇಕು. "ಪುಕ್ಕಟೆ ಅಲ್ವಾ, ಬಿಡಿ ಅಣ್ಣಾ" ಅಂತ ಗದ್ದಲದಲ್ಲಿ ಆ ಚೀಟಿ ಬಿಡಬೇಡಿ. ಕೇಳಿ ಪಡೆಯಿರಿ. ನಿಮ್ಮ ಕೈಯಲ್ಲಿರುವ ಆ ಸಣ್ಣ ಕಾಗದವೇ ನಾಳೆ ಬಸ್ಸು ಇರಬೇಕೋ ಬೇಡವೋ ಅಂತ ಹೇಳುವುದು.

ಸಂಜೆಯದು ಒಂದಿದೆ, ಬೇಗ ಹೇಳಿ ಮುಗಿಸುತ್ತೇನೆ. ಈಗ ನವನಗರದಿಂದ 4 ಗಂಟೆ 15ಕ್ಕೆ ಒಂದು ಬಸ್ಸು, ಆಮೇಲೆ 6 ಗಂಟೆ 30ಕ್ಕೆ. ಕಾಲೇಜು ಬಿಡುವುದು 4 ಗಂಟೆ 30ಕ್ಕೆ. ಮೊದಲನೆಯದು ಕಣ್ಣೆದುರೇ ಹೋಗಿರುತ್ತದೆ. ಮಕ್ಕಳು ಮನೆ ಸೇರುವುದು 7 ಗಂಟೆ 20ಕ್ಕೆ. ಆ 4 ಗಂಟೆ 15ರದ್ದನ್ನೇ 4 ಗಂಟೆ 50ಕ್ಕೆ ವಿದ್ಯಾಗಿರಿಯಿಂದ ಬಿಟ್ಟರೆ, ನವನಗರಕ್ಕೆ 5 ಗಂಟೆ 5 ನಿಮಿಷಕ್ಕೆ, ನಮ್ಮೂರಿಗೆ 5 ಗಂಟೆ 55ಕ್ಕೆ ಬರುತ್ತದೆ. ಕತ್ತಲಾಗುವ ಮುಂಚೆ. ಆದರೆ ಇದು ಎಲ್ಲರಿಗೂ ಸಿಹಿ ಅಲ್ಲ. ಆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ವಾಪಸ್ ಬರುವ ಹಿರಿಯರು ಹತ್ತು ಹನ್ನೊಂದು ಮಂದಿ ಇರುತ್ತಾರೆ. ಅವರು ನವನಗರದಲ್ಲಿ ಇನ್ನೂ 50 ನಿಮಿಷ ಕಾಯಬೇಕಾಗುತ್ತದೆ. ನಾನು ಅವರನ್ನು ಕೇಳಿದೆ. ಒಬ್ಬ ಅಜ್ಜಿ, "ಕೂಸುಗಳು ಬರ್ಲಿ ಬಿಡಪ್ಪಾ, ನಾ ಅಲ್ಲೇ ಎಲಿ ಅಡಿಕಿ ಹಾಕ್ಕೊಂಡ ಕುಂದರ್ತೀನಿ" ಅಂದರು. ಇನ್ನೊಬ್ಬರು ನನ್ನನ್ನು ಚೆನ್ನಾಗಿ ಬೈದರು. ಡಯಾಲಿಸಿಸ್ ಮಾಡಿಸಿಕೊಂಡು ಬರುವವರು ಅವರು. ಅವರ ಸಿಟ್ಟು ನ್ಯಾಯದ್ದೇ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಆದ್ದರಿಂದ ಮುಂಜಾನೆಯದನ್ನು ಮೊದಲು ಕೇಳೋಣ, ಸಂಜೆಯದನ್ನು ಅದು ನಡೆದು ನೋಡಿದ ಮೇಲೆ. ಎರಡನ್ನೂ ಒಂದೇ ಠರಾವಿನಲ್ಲಿ ಕಟ್ಟಿದರೆ ಒಂದರ ತಕರಾರಿಗೆ ಇನ್ನೊಂದೂ ನಿಲ್ಲುತ್ತದೆ.

ಟಂಟಂನವರನ್ನೂ ಮಾತಾಡಿಸಿದೆ. ಸುಮ್ನೆ ಅವರ ಹೊಟ್ಟೆ ಮೇಲೆ ಹೊಡೆದೆ ಅಂತ ಆಗಬಾರದು. ಅವರು ಹೇಳಿದ್ದು ಕೇಳಿ ನನಗೇ ಆಶ್ಚರ್ಯ. 28 ಕಿಲೋಮೀಟರು ಹೋಗಿ ಖಾಲಿ ಬರುವುದಕ್ಕಿಂತ ಊರ ಸುತ್ತಿನ ಹಳ್ಳಿಗಳಿಗೆ ನಾಲ್ಕು ಟ್ರಿಪ್ಪು ಹೊಡೆದರೆ ಜಾಸ್ತಿ ಉಳಿಯುತ್ತದಂತೆ. ಖಾಲಿ ಬರುವ ಕಷ್ಟ ಅವರಿಗೂ ಒಂದೇ, ಡಿಪೊಗೂ ಒಂದೇ.

ಮುಂದಿನ ಸಭೆಗೆ ನಾನು ಬರುತ್ತೇನೆ. ಮತ್ತೆ ಮೂರು ನಿಮಿಷ ಕೊಟ್ಟರೆ ಒಂದೇ ನಿಮಿಷ ಸಾಕು. ಹೇಳುವುದು ಇಷ್ಟು. ಬರೆದುಕೊಳ್ಳುವವರಿಗೆ ಅನುಕೂಲ ಆಗಲಿ ಅಂತ ಇಲ್ಲೇ ಬರೆದಿಟ್ಟಿದ್ದೇನೆ, ಮೈಕಿನಲ್ಲಿ ಹೇಗೆ ಹೇಳುತ್ತೇನೋ ಹಾಗೆಯೇ:

"ಅಧ್ಯಕ್ಷರೇ. ವಿದ್ಯಾಗಿರಿ ಬಸ್ಸು. ನವನಗರ ಮಾರ್ಗವಾಗಿ, ವಿದ್ಯಾಗಿರಿ. ನಮ್ಮೂರು ಬಿಡುವುದು ಮುಂಜಾನೆ ಏಳು ಗಂಟೆ, ನಲವತ್ತು ನಿಮಿಷ. ನವನಗರ ಮುಟ್ಟುವುದು ಎಂಟು ಗಂಟೆ, ಮೂವತ್ತು ನಿಮಿಷ. ವಿದ್ಯಾಗಿರಿ ಮುಟ್ಟುವುದು ಎಂಟು ಗಂಟೆ, ನಲವತ್ತೈದು ನಿಮಿಷ. ಕಾಯುವ ಜನ, ದಿನಕ್ಕೆ ಅರವತ್ತೇಳು. ಆರು, ಏಳು. ಅರವತ್ತೇಳು. ಹತ್ತುತ್ತಾರೆ ಅಂತ ನಾನು ಹೇಳುವುದು ಐವತ್ತು. ಐದು, ಸೊನ್ನೆ. ಬಸ್ಸು ಹೊಸದಲ್ಲ. ರಾತ್ರಿ ಒಂಬತ್ತು ಗಂಟೆ, ಇಪ್ಪತ್ತು ನಿಮಿಷಕ್ಕೆ ಬರುವ ಕೊನೆ ಬಸ್ಸೇ ಇಲ್ಲಿ ವಸ್ತಿ. ಉಳಿಯುವ ಖಾಲಿ ಓಟ, ದಿನಕ್ಕೆ ಐವತ್ತಾರು ಕಿಲೋಮೀಟರು. ಪುರಸಭೆಯಿಂದ ಬೇಕಾದದ್ದು ಒಂದು ಕೋಣೆ, ಒಂದು ಚಿಲಕ, ತಿರುಗಲು ಜಾಗ, ಒಂದು ಠರಾವು. ಇನ್ನೊಮ್ಮೆ ಹೇಳುತ್ತೇನೆ. ವಿದ್ಯಾಗಿರಿ ಬಸ್ಸು. ಮುಂಜಾನೆ ಏಳು ಗಂಟೆ, ನಲವತ್ತು ನಿಮಿಷ."

ಆ ಕೋಣೆಯ ಕೀಲಿಕೈ ಯಾರ ಹತ್ತಿರ ಇದೆ ಅಂತ ಕಚೇರಿಯಲ್ಲಿ ಮೂವರನ್ನು ಕೇಳಿದೆ. ಮೂವರೂ ಇನ್ನೊಬ್ಬರ ಹೆಸರು ಹೇಳಿದರು. ಸಿಕ್ಕರೆ ತಿಳಿಸಿ, ಭಾನುವಾರ ನಾನೂ ನಮ್ಮ ಓಣಿಯ ನಾಲ್ಕು ಹುಡುಗರೂ ಬಂದು ಕಸ ಗುಡಿಸುತ್ತೇವೆ. ಬೆಂಚು ಏನು ಮಾಡಬೇಕು ಅಂತ ನೀವೇ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಚಾರ ನಿಯಂತ್ರಕ, ಆರನೇ ವಾರ್ಡು,
ಬಾಗಲಕೋಟೆ ಜಿಲ್ಲೆ